ಮೀಟರು ಹಿಂದಕ್ಕೆ ಓಡುವುದಿಲ್ಲ

ಮಗನ ಕಾಲೇಜಿಗಾಗಿ ಸಂಡೂರಿನ ಕುಟುಂಬವೊಂದು ಹೊಸಪೇಟೆಯಲ್ಲಿ ಫ್ಲ್ಯಾಟ್ ಬಾಡಿಗೆಗೆ ಹಿಡಿಯಿತು ಎಂದಿಟ್ಟುಕೊಳ್ಳೋಣ. ಮೊದಲ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ 286 ಯೂನಿಟ್! ಮನೆಯಲ್ಲಿರುವುದು ಎರಡು ಫ್ಯಾನು, ಒಂದು ಫ್ರಿಜ್ಜು, ನಾಲ್ಕು ದೀಪ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಹಾಗಾಗಿ ಇದು ಸಣ್ಣ ಲೆಕ್ಕವಲ್ಲ.

ಸಿಟ್ಟಿನಲ್ಲಿ ದೂರು ಬರೆಯುವ ಮೊದಲು ನೆಲಮಹಡಿಯ ಮೀಟರು ನೋಡಬೇಕು. ಸಾಲಾಗಿರುವ ಮೀಟರುಗಳಲ್ಲಿ ನಮ್ಮದು ಯಾವುದೆಂಬುದನ್ನು ಬಿಲ್ಲಿನಲ್ಲಿರುವ ಮೀಟರ್ ಸಂಖ್ಯೆಯೇ ಹೇಳುತ್ತದೆ. ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ 4122, ಈಗಿನದು 4408. ಆದರೆ ಬಿಲ್ಲು ಬಂದ ಎರಡು ದಿನಗಳ ನಂತರವೂ ಮೀಟರು ತೋರಿಸುತ್ತಿರುವುದು 4214! ಮನೆಯ ಮೀಟರಿನ ಅಂಕಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಬಹುಶಃ 4208 ಎಂಬುದು 4408 ಎಂದು ದಾಖಲಾಗಿದೆ. ಒಂದು ಅಂಕಿಯ ತಪ್ಪಿನಿಂದ 86 ಯೂನಿಟ್ 286 ಆಯಿತು.

ಹೊಸಪೇಟೆ, ಸಂಡೂರು, ಕಂಪ್ಲಿ ಮೂರೂ ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಜೆಸ್ಕಾಂ ವ್ಯಾಪ್ತಿಯಲ್ಲಿವೆ. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಬಹುದು. ಆದರೂ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರಿಗೆ ಇ-ಮೇಲ್ ಕಳಿಸಿದರೆ ದಿನಾಂಕದ ದಾಖಲೆ ಉಳಿಯುತ್ತದೆ. ಅದು ಇಷ್ಟಿದ್ದರೆ ಸಾಕು:

"ವಿಷಯ: ಆರ್.ಆರ್. ಸಂಖ್ಯೆ (ಇಲ್ಲಿ ಬರೆಯಿರಿ), ಜೂನ್ ಬಿಲ್ಲಿನ ರೀಡಿಂಗ್ ತಿದ್ದುಪಡಿ.

ಮಾನ್ಯರೇ, ನಾವು ಈ ಮನೆಯ ಹೊಸ ಬಾಡಿಗೆದಾರರು. ಜೂನ್ 3ರ ಬಿಲ್ಲಿನಲ್ಲಿ ಈಗಿನ ರೀಡಿಂಗ್ 4408 ಎಂದಿದೆ. ಜೂನ್ 5ರಂದು ಮೀಟರಿನಲ್ಲಿ 4214 ಇತ್ತು. ಬಿಲ್ಲು, ಮೀಟರ್ ಸಂಖ್ಯೆಯೂ ಕಾಣುವ ಫೋಟೊ ಹಾಗೂ ಬಾಡಿಗೆ ಕರಾರಿನ ಪ್ರತಿ ಲಗತ್ತಿಸಿದೆ. ಸ್ಥಳ ಪರಿಶೀಲಿಸಿ ಪರಿಷ್ಕೃತ ಬಿಲ್ಲು ಕೊಡಬೇಕಾಗಿ ವಿನಂತಿ."

ಫ್ರಿಜ್ಜು, ಫ್ಯಾನಿನ ಪುರಾಣ ಬೇಡ. ಅಧಿಕಾರಿಗೆ ಬೇಕಾದದ್ದು ಎರಡು ಅಂಕಿ, ಒಂದು ಫೋಟೊ.

ರೀಡಿಂಗ್ ಸರಿಯಿದ್ದೂ ಯೂನಿಟ್ ಹೆಚ್ಚಿದ್ದರೆ? ಮನೆಯೊಳಗಿನ ಮೇನ್ ಸ್ವಿಚ್ ಆರಿಸಿ ಮೀಟರಿನ ಕೆಂಪು ದೀಪ ನೋಡಿ. ಆಗಲೂ ಅದು ಮಿನುಗುತ್ತಿದ್ದರೆ ನಡುವೆ ಬೇರೆ ಯಾರದೋ ಅಥವಾ ಪಂಪಿನ ತಂತಿ ಸೇರಿರಬಹುದು, ಇಲ್ಲವೇ ಎಲ್ಲೋ ಸೋರಿಕೆಯಿದೆ. ಮಿನುಗದಿದ್ದರೆ ಮುಂದಿನ ಪರೀಕ್ಷೆ. ಮೀಟರಿನ ಮೇಲೆ 3200 imp/kWh ಎಂದಿದ್ದರೆ, ಒಂದು ಯೂನಿಟ್‌ಗೆ 3200 ಮಿನುಗು ಎಂದರ್ಥ. 1000 ವಾಟಿನ ನೀರು ಕಾಯಿಸುವ ಕಾಯಿಲ್ ಒಂದನ್ನೇ ಹಾಕಿದರೆ (ನೀರಿನಲ್ಲಿ ಮುಳುಗಿಸಿಯೇ!) ನಿಮಿಷಕ್ಕೆ ಸುಮಾರು 53 ಬಾರಿ ಮಿನುಗಬೇಕು. ವೋಲ್ಟೇಜ್ ಕಡಿಮೆಯಿದ್ದಾಗ 45ಕ್ಕೆ ಇಳಿದೀತು. 80, 90 ಬಂದರೆ ಶುಲ್ಕ ಕಟ್ಟಿ ಮೀಟರ್ ಪರೀಕ್ಷೆ ಕೋರಬಹುದು.

ಇನ್ನೊಂದು ಮಾತು. ಬಿಲ್ಲು ಆರ್.ಆರ್. ಸಂಖ್ಯೆಗೆ ಬರುತ್ತದೆ, ವ್ಯಕ್ತಿಗಲ್ಲ. ಹಳೆಯ ಬಾಡಿಗೆದಾರರು ಬಿಟ್ಟುಹೋದ ಯೂನಿಟ್ಟುಗಳ ಲೆಕ್ಕವನ್ನು ಮನೆಯ ಮಾಲೀಕರೊಡನೆ ತೀರಿಸಿಕೊಳ್ಳಬೇಕು. ಅದಕ್ಕೆ ಮನೆಗೆ ಬಂದ ದಿನದ ಮೀಟರ್ ಫೋಟೊ ಬೇಕು.

ದೂರು ಕೊಟ್ಟ ಮಾತ್ರಕ್ಕೆ ಹಣ ಕಟ್ಟದೆ ಕೂರುವಂತಿಲ್ಲ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನಂತೆ ಬಿಲ್ಲಿನ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯಂತೆ ತಗಲುವ ಮೊತ್ತ, ಇವೆರಡರಲ್ಲಿ ಕಡಿಮೆಯಾದದ್ದನ್ನು "ಆಕ್ಷೇಪಣೆಯೊಡನೆ" ಎಂದು ಬರೆದು ಕಟ್ಟಿದರೆ, ವಿವಾದ ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ.