ಸಾಲುಗಟ್ಟಿದ ‘A’ಗಳು ಯಾರ ಕೆಲಸ?

ಅರ್ಜಿಯಲ್ಲಿ ಹೆಸರು ಬರೆಯುವ ಜಾಗದಲ್ಲಿ ಬರೀ AAAAAA ಎಂದು ಪುಟಗಟ್ಟಲೆ ತುಂಬಿದ್ದರೆ ಮೊದಲು ಬೈಯಬೇಡಿ, ಎಣಿಸಿ. ಲಿನಕ್ಸ್‌ನಲ್ಲಾದರೆ ಅದನ್ನು ಕಡತವಾಗಿ ಉಳಿಸಿ `wc -c` ಕೊಟ್ಟರೆ ಸಾಕು.

ಲೆಕ್ಕ 256 ಅಥವಾ 257 ಬಂತೆನ್ನಿ. ಇದು ಬಹುತೇಕ ಪರೀಕ್ಷಕರ ಕೈವಾಡ. 255 ಅಕ್ಷರ ಹಿಡಿಯುವ ಜಾಗಕ್ಕೆ ಒಂದೆರಡು ಹೆಚ್ಚು ತುರುಕಿದರೆ ತಂತ್ರಾಂಶ ತಡೆಯುತ್ತದೋ ಕುಸಿಯುತ್ತದೋ ಎಂದು ಅವರು ನೋಡುತ್ತಾರೆ. ಅದಕ್ಕೆ ‘A’ಯೇ ಏಕೆ? ಕಂಪ್ಯೂಟರಿನ ಹದಿನಾರರ ಎಣಿಕೆಯಲ್ಲಿ ಅದು 41. ಕುಸಿದ ತಂತ್ರಾಂಶದ ವರದಿಯಲ್ಲಿ 41414141 ಕಂಡರೆ, ತುರುಕಿದ ಅಕ್ಷರಗಳು ಹೋಗಬಾರದ ಕಡೆ ನುಗ್ಗಿವೆ ಎಂದು ತಿಳಿದವರಿಗೆ ಕೂಡಲೇ ಗೊತ್ತಾಗುತ್ತದೆ. ಕೆಟ್ಟ ಉದ್ದೇಶದವರೂ ಹೀಗೇ ಮಾಡುತ್ತಾರೆ ಅನ್ನಿ.

ಕೀಲಿ ಸಿಕ್ಕಿಕೊಂಡರೆ ಲಕ್ಷಣವೇ ಬೇರೆ. ಮೊದಲ ಅಕ್ಷರದ ನಂತರ ತುಸು ತಡೆದು, ಆಮೇಲೆ ಸೆಕೆಂಡಿಗೆ ಸುಮಾರು 30ರಂತೆ ಸುರಿಯುತ್ತದೆ. ಕೀಬೋರ್ಡಿನ ಮೇಲೆ ಪುಸ್ತಕವಿಟ್ಟು ಎರಡು ನಿಮಿಷ ಎದ್ದುಹೋದರೆ ಸುಮಾರು 3600. ನಿಲ್ಲುವ ಅಂಕಿಗೆ ಹಂಗಿಲ್ಲ. ಅಕ್ಷರವೂ ಸಾಮಾನ್ಯವಾಗಿ ಸಣ್ಣ a, ಇಲ್ಲವೇ ಖಾಲಿ ಜಾಗ.

ಇನ್ನು ಪ್ರೋಗ್ರಾಮಿನ ಲೂಪ್ ನಿಲ್ಲದೆ ಓಡಿದ್ದರೆ, ಸಾಲು ಕೊನೆಗೊಳ್ಳುವುದು ಡಿಸ್ಕ್ ತುಂಬಿದಾಗಲೋ ಯಾರೋ ತಡೆದಾಗಲೋ.

ಆದರೆ ‘A’ ಪರೀಕ್ಷೆ ಗೆದ್ದ ಜಾಗ ಕನ್ನಡಕ್ಕೆ ಸೋಲಬಹುದು. ಯುಟಿಎಫ್-8ರಲ್ಲಿ ‘A’ಗೆ ಒಂದು ಬೈಟ್, ‘ಅ’ಗೆ ಮೂರು. ಮಿತಿ 255 ಬೈಟ್ ಆಗಿದ್ದರೆ 85 ‘ಅ’ಗಳಿಗೇ ಜಾಗ ಮುಗಿಯುತ್ತದೆ.