ಬಿಸಿನೀರಿಗೆ ಯಾವ ಪೈಪು, ತಣ್ಣೀರಿಗೆ ಯಾವುದು?

ಎರಡಂತಸ್ತಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ತಾರಸಿಯ ಮೇಲೆ ನೀರಿನ ಟ್ಯಾಂಕ್, ಅದರ ಪಕ್ಕದಲ್ಲಿ ಸೋಲಾರ್ ವಾಟರ್ ಹೀಟರ್. ಅಲ್ಲಿಂದ ಕೆಳಗಿನ ಬಚ್ಚಲಿಗೆ 12 ಮೀಟರ್ ಉದ್ದದ ಬಿಸಿನೀರಿನ ಲೈನು. ನೀರು ಕೊಳವೆಬಾವಿಯದು, ಗಡಸು. ಈ ಮನೆಗೆ ಯಾವ ಪೈಪು ಹಾಕಬೇಕು?

ಹಿಂದೆ ಇದಕ್ಕೆ ಇದ್ದ ಉತ್ತರ ಒಂದೇ: ಜಿಐ, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ಪೈಪು. ಅದು ಬಿಸಿಗೂ ಪೆಟ್ಟಿಗೂ ಜಗ್ಗುವುದಿಲ್ಲ. ಅದರ ಶತ್ರು ಒಳಗೆ ಹರಿಯುವ ನೀರೇ. ಗಡಸು ನೀರು ಬಿಸಿಯಾದಾಗ ಸುಣ್ಣದಂಶ ಒಳಗೋಡೆಗೆ ಕಟ್ಟಿಕೊಳ್ಳುತ್ತದೆ, ಸತು ಸವೆದಲ್ಲಿ ತುಕ್ಕು ಹಿಡಿಯುತ್ತದೆ. ಬೆಳಿಗ್ಗೆ ಮೊದಲು ಬರುವ ನೀರು ಕೆಂಪಗಿದ್ದರೆ, ಟ್ಯಾಂಕ್ ತುಂಬಿದ್ದರೂ ನಲ್ಲಿಯ ಧಾರೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದ್ದರೆ, ಪೈಪಿನ ಆಯಸ್ಸು ಮುಗಿಯುತ್ತಿದೆ ಎಂದೇ ಅರ್ಥ. ಮೊದಲು ಸೋರುವುದು ಮರೆ ಕೊರೆದ ಜಾಗ, ಏಕೆಂದರೆ ಅಲ್ಲಿ ಲೇಪವೂ ಹೋಗಿರುತ್ತದೆ, ಲೋಹವೂ ತೆಳುವಾಗಿರುತ್ತದೆ.

ತಾಮ್ರದ ಪೈಪು ಬಿಸಿನೀರಿಗೆ ಚೆನ್ನಾಗಿ ಬಾಳುತ್ತದೆ. ಆದರೆ ಈ ಪಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ದುಬಾರಿ, ಬೆಸುಗೆ ಹಾಕಲು ನುರಿತ ಕೈಯೂ ಬೇಕು. ಹೀಗಾಗಿ ಹೆಚ್ಚಿನ ಮನೆಗಳಲ್ಲಿ ಆಯ್ಕೆ ಉಳಿಯುವುದು ಮೂರು ಪ್ಲಾಸ್ಟಿಕ್‌ಗಳ ನಡುವೆ.

ಶಾಖದ ಮಿತಿ

ಬಿಳಿಯ ಯುಪಿವಿಸಿ ಎಲ್ಲಕ್ಕಿಂತ ಅಗ್ಗ. ಸಂಪಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ತಣ್ಣೀರಿನ ನಲ್ಲಿಗೆ ಅದು ಸಾಕು. ಆದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದನ್ನು ನಂಬುವಂತಿಲ್ಲ, ಮೆತ್ತಗಾಗಿ ಜೋತುಬೀಳುತ್ತದೆ. ತಿಳಿಹಳದಿ ಬಣ್ಣದ ಸಿಪಿವಿಸಿ ಅದಕ್ಕಿಂತ ದುಬಾರಿಯಾದರೂ 82 ಡಿಗ್ರಿವರೆಗೆ ತಡೆಯುತ್ತದೆ. ಹಾಗೆಂದು ಬಿಸಿಯಲ್ಲೂ ಅದರ ಬಲ ಅಷ್ಟೇ ಇರುತ್ತದೆ ಎಂದಲ್ಲ. ಎಸ್‌ಡಿಆರ್ 11 ದರ್ಜೆಯ ಪೈಪು ತಣ್ಣೀರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 28 ಕಿಲೋ ಒತ್ತಡ ತಾಳಿದರೆ, 82 ಡಿಗ್ರಿಯಲ್ಲಿ ತಾಳುವುದು ಸುಮಾರು 7 ಕಿಲೋ ಮಾತ್ರ. ನಮ್ಮ ಮನೆಯಲ್ಲಿ ಟ್ಯಾಂಕು ನಲ್ಲಿಗಿಂತ 6 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಬರೀ 0.6 ಕಿಲೋ. ಆದ್ದರಿಂದ ಒತ್ತಡದ ಭಯವಿಲ್ಲ, ಭಯವಿರುವುದು ಶಾಖದ್ದು. ಬೇಸಿಗೆಯಲ್ಲಿ ನಾಲ್ಕು ದಿನ ಬೀಗ ಹಾಕಿ ಊರಿಗೆ ಹೋದರೆ, ಗಾಜಿನ ಕೊಳವೆಯ ಸೋಲಾರ್‌ನಲ್ಲಿ ನೀರು ಕುದಿಯುವ ಹಂತಕ್ಕೂ ಹೋಗಬಹುದು. ಅದಕ್ಕಾಗಿ ಸೋಲಾರ್‌ನಿಂದ ಹೊರಡುವ ಮೊದಲ ಒಂದೆರಡು ಮೀಟರ್ ಲೋಹದ ಪೈಪೇ ಇರಲಿ, ಸಿಪಿವಿಸಿ ಅದರ ನಂತರ ಶುರುವಾಗಲಿ.

ಹಸಿರು ಬಣ್ಣದಲ್ಲಿ ಹೆಚ್ಚಾಗಿ ಸಿಗುವ ಪಿಪಿಆರ್ ಕೂಡ ಬಿಸಿನೀರಿಗೆ ಯೋಗ್ಯ. ಅದು ಸಿಪಿವಿಸಿಯಿಂದ ಬೇರೆಯಾಗುವುದು ಜೋಡಣೆಯಲ್ಲಿ ಮತ್ತು ಹಿಗ್ಗುವುದರಲ್ಲಿ.

ಪೈಪು ಹಿಗ್ಗುತ್ತದೆ

ರಾತ್ರಿ 20 ಡಿಗ್ರಿ ಇದ್ದ ಪೈಪು ಬಿಸಿನೀರು ಬಂದಾಗ 65 ಡಿಗ್ರಿಗೆ ಏರಿತು ಎನ್ನೋಣ. ನಮ್ಮ 12 ಮೀಟರ್ ಲೈನು ಜಿಐ ಆಗಿದ್ದರೆ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ, ಸಿಪಿವಿಸಿ ಆಗಿದ್ದರೆ ಸುಮಾರು 35, ಪಿಪಿಆರ್ ಆಗಿದ್ದರೆ ಸುಮಾರು 80. ಎರಡು ತುದಿಯನ್ನೂ ಬಿಗಿಯಾಗಿ ಹಿಡಿದರೆ ಈ ಹಿಗ್ಗುವಿಕೆಯೆಲ್ಲ ಎಲ್ಬೋಗಳ ಮೇಲೆ ಬೀಳುತ್ತದೆ, ದಿನವೂ ಹೀಗಾದರೆ ಜೋಡಣೆ ಬಿರುಕುಬಿಡುತ್ತದೆ. ಆದ್ದರಿಂದ ಹೊರಗೋಡೆಯ ಉದ್ದನೆಯ ಲೈನಿಗೆ ನಡುವೆ ಯು ಆಕಾರದ ಒಂದು ತಿರುವು ಕೊಡಬೇಕು. ಕ್ಲ್ಯಾಂಪು ಪೈಪನ್ನು ಹೊರಬೇಕೇ ಹೊರತು ಕಚ್ಚಿ ಹಿಡಿಯಬಾರದು. ಬಿಸಿಲಿಗೆ ಬೀಳುವ ಭಾಗಕ್ಕೆ ಶಾಖ ತಡೆಯುವ ಹೊದಿಕೆ ಹಾಕಬೇಕು.

ಸೋರುವುದು ಜೋಡಣೆಯಲ್ಲಿ

ಸಿಪಿವಿಸಿಗೆ ಅದರದೇ ಸಾಲ್ವೆಂಟ್ ಬೇಕು, ಯುಪಿವಿಸಿಯ ಡಬ್ಬಿ ನಡೆಯದು. ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ತೆಗೆದು, ಒದ್ದೆ ಒರೆಸಬೇಕು. ಪೈಪಿಗೆ ಧಾರಾಳವಾಗಿ, ಫಿಟಿಂಗ್ ಒಳಗೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಕೊನೆವರೆಗೆ ತಳ್ಳಿ, ಅರ್ಧ ನಿಮಿಷ ಹಿಡಿದಿರಬೇಕು. ಸುತ್ತಲೂ ಸಣ್ಣ ಉಂಗುರದಂತೆ ಸಾಲ್ವೆಂಟ್ ಕಂಡರೆ ಜೋಡಣೆ ಸರಿಯಾಗಿದೆ. ಒಂದು ಕಡೆ ಉಂಗುರ ತುಂಡಾಗಿದ್ದರೆ ಕತ್ತರಿಸಿ ಮತ್ತೆ ಮಾಡಿಸಿ. ನಲ್ಲಿ ಕೂರುವ ಜಾಗಕ್ಕೆ ಹಿತ್ತಾಳೆ ಮರೆಯ ಫಿಟಿಂಗನ್ನೇ ಹಾಕಿಸಿ, ಪ್ಲಾಸ್ಟಿಕ್ ಮರೆ ನಲ್ಲಿ ಬಿಗಿಯುವಾಗಲೇ ಸೀಳುತ್ತದೆ.

ಪಿಪಿಆರ್‌ನಲ್ಲಿ ಅಂಟಿಲ್ಲ. ಸುಮಾರು 260 ಡಿಗ್ರಿ ಬಿಸಿಯ ಯಂತ್ರದಲ್ಲಿ ಪೈಪು ಮತ್ತು ಫಿಟಿಂಗ್ ಎರಡನ್ನೂ ಕೆಲವೇ ಸೆಕೆಂಡು ಕಾಯಿಸಿ ಕೂಡಿಸುತ್ತಾರೆ, ಎರಡೂ ಕರಗಿ ಒಂದಾಗುತ್ತವೆ. ಹೆಚ್ಚು ಕಾಯಿಸಿದರೆ ಒಳಗೆ ಪ್ಲಾಸ್ಟಿಕ್ ಉಬ್ಬಿ ದಾರಿ ಮುಚ್ಚಬಹುದು, ಹೊರಗಿನಿಂದ ಅದು ಕಾಣುವುದಿಲ್ಲ. ಯಂತ್ರವೂ ಅಭ್ಯಾಸವೂ ಇರುವ ಪ್ಲಂಬರ್ ನಿಮ್ಮೂರಿನಲ್ಲಿ ಇದ್ದರೆ ಮಾತ್ರ ಇದನ್ನು ಆರಿಸಿ.

ಖರ್ಚು ಮತ್ತು ತೀರ್ಮಾನ

ಸಿಪಿವಿಸಿ, ಪಿಪಿಆರ್ ಎರಡನ್ನೂ 50 ವರ್ಷ ಬಾಳಲೆಂದೇ ರೂಪಿಸಲಾಗಿದೆ, ಆದರೆ ಶಾಖದ ಮಿತಿ ದಾಟದಿದ್ದರೆ ಮತ್ತು ಜೋಡಣೆ ನೆಟ್ಟಗಿದ್ದರೆ ಮಾತ್ರ. ಗೋಡೆಯೊಳಗೆ ಒಂದು ಎಲ್ಬೋ ಸೋರಿದರೆ ಟೈಲ್ಸ್ ಒಡೆದು, ಗಾರೆ ಕೆತ್ತಿ, ಮತ್ತೆ ಮುಚ್ಚುವ ಖರ್ಚು ಪೈಪಿನಲ್ಲಿ ಉಳಿಸಿದ ಹಣವನ್ನು ನುಂಗಿಬಿಡುತ್ತದೆ.

ನಮ್ಮ ಮನೆಗೆ ಹೀಗೆ ಮಾಡಬಹುದು: ಸಂಪಿನಿಂದ ಟ್ಯಾಂಕಿಗೆ ಯುಪಿವಿಸಿ, ಸೋಲಾರ್ ಬಾಯಿಗೆ ಲೋಹ, ಉಳಿದ ಬಿಸಿನೀರಿಗೂ ಗೋಡೆಯೊಳಗಿನ ತಣ್ಣೀರಿಗೂ ಎಸ್‌ಡಿಆರ್ 11 ಸಿಪಿವಿಸಿ. ಪೈಪಿನ ಮೈಮೇಲೆ ಐಎಸ್ 15778 ಎಂಬ ಮುದ್ರೆ ಇದೆಯೇ ನೋಡಿ. ಸಾಲ್ವೆಂಟ್ ಒಂದು ದಿನ ಒಣಗಿದ ಮೇಲೆ ಕೈಪಂಪಿನಿಂದ ನೀರಿನ ಒತ್ತಡ ಕೊಟ್ಟು, ಮೀಟರಿನ ಮುಳ್ಳು ಗಂಟೆಗಟ್ಟಲೆ ಕದಲದೆ ನಿಂತಿದ್ದನ್ನು ಕಣ್ಣಾರೆ ನೋಡಿ. ಅದಕ್ಕೂ ಮೊದಲು ಗೋಡೆಗೆ ಗಾರೆ ಹಾಕಲು ಬಿಡಬೇಡಿ.