ಹಗ್ಗ ಹಿಡಿದವನ ಕಥೆ

“ಮುತ್ಯಾ, ನನಗ ಕೃಷ್ಣನ ಪಾತ್ರ ಬ್ಯಾಡ.”

ಮೊಮ್ಮಗಳು ಶಾಲೆಯಿಂದ ಬಂದವಳೇ ಪಾಟಿಚೀಲವನ್ನು ಕಟ್ಟೆಯ ಮೇಲೆ ಒಗೆದು ಮುಖ ಊದಿಸಿಕೊಂಡು ಕೂತಳು. ಶಾಲೆಯ ನಾಟಕದಲ್ಲಿ ಕುರುಕ್ಷೇತ್ರದ ದೃಶ್ಯವಿದೆಯಂತೆ. “ಅರ್ಜುನಗ ಬಿಲ್ಲು ಕೊಟ್ಟಾರ, ಭೀಮಗ ಗದಾ ಕೊಟ್ಟಾರ. ನನಗ ಎರಡು ಮಾರು ಹಗ್ಗ ಕೊಟ್ಟು ಸುಮ್ನ ಕೂಡು ಅಂದಾರ. ಅವ ಯುದ್ಧಾನ ಮಾಡಲಿಲ್ಲಲ್ಲ, ಬರೇ ಗಾಡಿ ಹೊಡ್ದ. ನಾಳೆ ನಮ್ಮ ಸರ್‌ಗೆ ಬ್ಯಾಡ ಅಂತ ಹೇಳಾಕಿ ನಾನು.”

ನನಗೆ ನಗು ಬಂತು. ನಾನೂ ಇದೇ ಕನ್ನೊಳ್ಳಿಯ ಎರೆಹೊಲದಲ್ಲಿ ಬಹಳ ವರ್ಷ ಚಕ್ಕಡಿ ಹೊಡೆದವನು. ಮಳೆ ಬಿದ್ದ ಮರುದಿನ ಎರೆಮಣ್ಣಿನಲ್ಲಿ ಗಾಲಿ ಹೂತರೆ ಹಗ್ಗ ಹಿಡಿದವನ ಪಾಡು ಏನಾಗುತ್ತದೆ ಎಂಬುದು ನನಗೆ ಗೊತ್ತು. “ಪಾತ್ರ ಬಿಡೂದು ನಾಳೆ ನೋಡೂಣಂತ, ಇವತ್ತ ಅವ ಏನು ಮಾಡಿದ ಕೇಳು” ಎಂದೆ.

ಮೊದಲು ಆ ಹಗ್ಗ ಅವನ ಕೈಗೆ ಬಂದದ್ದು ಹೇಗೆ? ಯುದ್ಧದ ಸಹಾಯ ಕೇಳಲು ದುರ್ಯೋಧನ, ಅರ್ಜುನ ಇಬ್ಬರೂ ದ್ವಾರಕೆಗೆ ಹೋದರು. ಕೃಷ್ಣ ಮಲಗಿದ್ದ. ಮೊದಲು ಬಂದ ದುರ್ಯೋಧನ ತಲೆಯ ಕಡೆ ಕೂತ, ಆಮೇಲೆ ಬಂದ ಅರ್ಜುನ ಕಾಲ ಕಡೆ ನಿಂತ. ಎದ್ದ ಕೃಷ್ಣ ಎರಡು ಪಾಲು ಮಾಡಿದ. ಒಂದು ಕಡೆ ಅವನ ದೊಡ್ಡ ನಾರಾಯಣ ಸೇನೆ. ಇನ್ನೊಂದು ಕಡೆ ಆಯುಧ ಹಿಡಿಯದ, ಕಾದದ ತಾನೊಬ್ಬನೇ. ಚಿಕ್ಕವನೆಂದು ಅರ್ಜುನನಿಗೆ ಮೊದಲು ಆರಿಸಲು ಹೇಳಿದರೆ ಅವನು ಕೃಷ್ಣನನ್ನೇ ಆರಿಸಿದ. ದುರ್ಯೋಧನನಿಗೆ ಖುಷಿಯೋ ಖುಷಿ. ಆಮೇಲೆ ಅರ್ಜುನ, ನನ್ನ ರಥ ನೀನೇ ನಡೆಸಬೇಕು, ಇದು ಬಹುದಿನದ ಆಸೆ ಎಂದು ಬೇಡಿಕೊಂಡ. ಅಂದರೆ ಸಾರಥಿಯ ಕೆಲಸ ಕೃಷ್ಣನಿಗೆ ಬೇರೆ ಏನೂ ಇಲ್ಲವೆಂದು ಕೊಟ್ಟದ್ದಲ್ಲ, ಕೇಳಿ ಪಡೆದದ್ದು.

“ಗೀತಾ ಹೇಳಿದ್ದು ಗೊತ್ತೈತಿ ಬಿಡು” ಎಂದಳು ಇವಳು. ಸರಿ, ಅದನ್ನು ಬಿಟ್ಟೆ. ಎಲ್ಲರೂ ಗೀತೆಯ ಹತ್ತಿರವೇ ನಿಲ್ಲುತ್ತಾರೆ. ಅದು ಯುದ್ಧ ಶುರುವಾಗುವ ಮೊದಲಿನ ಮಾತು. ಆಮೇಲೆ ಹದಿನೆಂಟು ದಿನ ಹಗ್ಗ ಹಿಡಿಯಬೇಕಿತ್ತಲ್ಲ! ನಾನು ಹೇಳಿದ್ದು ಹದಿನಾಲ್ಕನೆಯ ದಿನದ ಕಥೆ.

ಹಿಂದಿನ ದಿನ ಅಭಿಮನ್ಯು ಸತ್ತಿದ್ದ. ನಾಳೆ ಹೊತ್ತು ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಬೆಂಕಿಗೆ ಬೀಳುತ್ತೇನೆ ಎಂದು ಅರ್ಜುನ ಆಣೆ ಮಾಡಿಬಿಟ್ಟ. ತನ್ನನ್ನು ಕೇಳದೆ ಇಂಥ ಆಣೆ ಮಾಡಿದೆಯಲ್ಲ ಎಂದು ಕೃಷ್ಣ ಗದರಿದ. ಆದರೆ ಆ ರಾತ್ರಿ ನಿದ್ದೆಗೆಟ್ಟು ಯೋಚಿಸಿದವನೂ ಅವನೇ. ತನ್ನ ಸ್ವಂತ ಸಾರಥಿ ದಾರುಕನನ್ನು ಕರೆದು, ನನ್ನ ರಥ ಹೂಡಿ ಸಿದ್ಧವಾಗಿಡು, ಶಂಖದ ಧ್ವನಿ ಕೇಳಿದ ಕೂಡಲೇ ಬಾ ಎಂದು ಹೇಳಿಟ್ಟ. ಶೈಬ್ಯ, ಸುಗ್ರೀವ, ಮೇಘಪುಷ್ಪ, ಬಲಾಹಕ ಎಂಬ ಕುದುರೆಗಳು ಈ ರಥದವು. ಅರ್ಜುನನ ರಥಕ್ಕೆ ಈ ಹೆಸರು ಅಂಟಿಸುವವರು ಬಹಳ ಮಂದಿ. ಅವನ ಬಿಳಿ ಕುದುರೆಗಳೇ ಬೇರೆ.

ಮರುದಿನ ಮಧ್ಯಾಹ್ನ ದಾಟಿತು. ಜಯದ್ರಥ ಇನ್ನೂ ಬಹಳ ದೂರ ಇದ್ದಾನೆ. ಕುದುರೆಗಳ ಮೈತುಂಬ ಬಾಣ ನೆಟ್ಟಿವೆ, ಬಾಯಾರಿ ಸೋತಿವೆ. ಈಗ ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ.

“ಜೋರಾಗಿ ಹೊಡೀತಿದ್ನಿ, ಹೊತ್ತು ಮುಳುಗತೈತಲ್ಲ!”

ಹೊಸದಾಗಿ ಚಕ್ಕಡಿ ಹೊಡೆಯುವವರೆಲ್ಲ ಮಾಡುವುದು ಅದನ್ನೇ. ದಣಿದ ಎತ್ತಿಗೆ ಬಾರಕೋಲು ಬೀಸಿದರೆ ಹತ್ತು ಹೆಜ್ಜೆ ಓಡಿ ಮಲಗಿಬಿಡುತ್ತದೆ. ಕುದುರೆಗಳ ಕೊಳ್ಳು ಬಿಚ್ಚಿ ಸುಧಾರಿಸಿಕೊಳ್ಳಲು ಬಿಡೋಣವೇ ಎಂದು ಅರ್ಜುನ ಕೇಳಿದ. ಕೃಷ್ಣ ಒಪ್ಪಿದ. ಶತ್ರುಸೈನ್ಯದ ನಟ್ಟನಡುವೆ! ಅರ್ಜುನ ರಥ ಇಳಿದು ನೆಲದ ಮೇಲೆ ನಿಂತು, ಮುತ್ತಿದವರನ್ನೆಲ್ಲ ಒಬ್ಬನೇ ತಡೆದ. ಕುದುರೆಗಳಿಗೆ ನೀರಿಲ್ಲ ಎಂದು ಕೃಷ್ಣ ಹೇಳಿದಾಗ ಬಾಣದಿಂದ ಭೂಮಿ ಸೀಳಿ ಕೆರೆ ಮಾಡಿದ, ಬಾಣಗಳನ್ನೇ ಹೆಣೆದು ಒಂದು ಮನೆಯನ್ನೂ ಕಟ್ಟಿದ. ಅದರೊಳಗೆ ಕೃಷ್ಣ ಒಂದೊಂದೇ ಕುದುರೆಯ ಮೈಯಿಂದ ಬಾಣ ಕಿತ್ತ. ತನ್ನ ಕೈಯಿಂದ ಮೈ ತಿಕ್ಕಿದ. ಅಡ್ಡಾಡಿಸಿದ, ನೀರು ಕುಡಿಸಿದ, ಮೇವು ತಿನ್ನಿಸಿದ. ದಣಿವು ಹೋಯಿತೆಂದು ಖಾತ್ರಿಯಾದ ಮೇಲೆಯೇ ಮತ್ತೆ ಹೂಡಿದ. ಕೌರವರ ಕಡೆಯವರು ಬೆರಗಾಗಿ ನೋಡುತ್ತ ನಿಂತರಂತೆ. ಹೊತ್ತು ಮುಳುಗುವುದರೊಳಗೆ ಜಯದ್ರಥನ ತಲೆ ಉರುಳಿತು.

ಇವಳು ಈಗ ಕಟ್ಟೆಯಿಂದ ಇಳಿದು ನನ್ನ ಮಗ್ಗುಲಿಗೆ ಬಂದು ಕೂತಿದ್ದಳು.

“ಸಿಟ್ಟ ಬರಲಿಲ್ಲೇನು ಅವಂಗ ಒಮ್ಮಿನೂ?”

ಬಂತು. ಎರಡು ಸಲ. ಭೀಷ್ಮನ ಎದುರು ಅರ್ಜುನ ಅಜ್ಜನೆಂದು ಕೈ ಸಡಿಲ ಬಿಟ್ಟು ಕಾದುತ್ತಿದ್ದ. ಮೂರನೆಯ ದಿನ ಕೃಷ್ಣ ಚಕ್ರ ಹಿಡಿದು ರಥದಿಂದ ಹಾರಿದ. ಒಂಬತ್ತನೆಯ ದಿನ ಕೈಯಲ್ಲಿದ್ದ ಚಾಟಿಯನ್ನೇ ಹಿಡಿದು ಭೀಷ್ಮನ ಮೇಲೆ ನುಗ್ಗಿದ. ಅರ್ಜುನ ಬೆನ್ನುಹತ್ತಿ ಹಿಡಿದು, ನೀನು ಕಾದುವುದಿಲ್ಲ ಎಂದ ಮಾತು ಸುಳ್ಳಾದೀತು, ನಾನೇ ಕಾದುತ್ತೇನೆ ಎಂದು ಬೇಡಿಕೊಂಡು ತಿರುಗಿ ಕರೆತಂದ. ಸುಮ್ಮನೆ ಕೂರುವುದು ಕೃಷ್ಣನಿಗೂ ಸುಲಭವಿರಲಿಲ್ಲ ನೋಡಿ. ನಮ್ಮ ಗದುಗಿನ ಕುಮಾರವ್ಯಾಸ ಇಡೀ ಭಾರತವನ್ನೇ ಕೃಷ್ಣನ ಕಥೆ ಎಂದು ಹೇಳಲು ಹೊರಟದ್ದು ಬರೀ ಭಕ್ತಿಯಿಂದ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಿದೆ. ಆ ಕಡೆ ಕರ್ಣನಿಗೂ ಒಬ್ಬ ಸಾರಥಿ ಇದ್ದ, ಮದ್ರದ ರಾಜ ಶಲ್ಯ. ಕುದುರೆ ನಡೆಸುವುದರಲ್ಲಿ ಅವನು ಕೃಷ್ಣನಿಗೆ ಸಮ. ಆದರೆ ಕರ್ಣನ ಧೈರ್ಯ ಕೆಡಿಸುತ್ತೇನೆಂದು ಧರ್ಮರಾಜನಿಗೆ ಮೊದಲೇ ಮಾತು ಕೊಟ್ಟಿದ್ದ. ದಾರಿಯುದ್ದಕ್ಕೂ ಹಂಗಿಸಿದ, ಇಬ್ಬರೂ ಬೈದಾಡಿಕೊಂಡರು. ಕೊನೆಗೆ ಕರ್ಣ ಸರ್ಪಬಾಣ ಹೂಡಿದಾಗ ಶಲ್ಯ, ಇದು ಕೊರಳಿಗೆ ತಾಗದು, ಸರಿಯಾಗಿ ನೋಡಿ ಹೂಡು ಎಂದ. ಆ ಮಾತು ಖರೇ ಇತ್ತು! ಆದರೆ ಅಷ್ಟು ಹೊತ್ತು ಹಂಗಿಸಿದವನ ಮಾತನ್ನು ಯಾರು ನಂಬುತ್ತಾರೆ? ಕರ್ಣ ಎರಡು ಸಲ ಹೂಡುವವನಲ್ಲ ಎಂದು ಬಿಟ್ಟೇಬಿಟ್ಟ. ಈ ಕಡೆ ಕೃಷ್ಣ ಕಾಲಿನಿಂದ ರಥವನ್ನು ಅದುಮಿದ. ಗಾಲಿಗಳು ನೆಲಕ್ಕಿಳಿದವು, ಕುದುರೆಗಳು ಮಂಡಿಯೂರಿದವು. ಬಾಣ ಅರ್ಜುನನ ಕಿರೀಟವನ್ನಷ್ಟೇ ಹಾರಿಸಿತು. ಆಮೇಲೆ ಹೂತ ರಥವನ್ನು ಎತ್ತಿದವನೂ ಕೃಷ್ಣನೇ. ಸ್ವಲ್ಪ ಹೊತ್ತಿಗೆ ಕರ್ಣನ ಗಾಲಿಯೂ ಹೂತಿತು. ಅದನ್ನೆತ್ತಲು ಬಿಲ್ಲು ಬಿಟ್ಟು ಕರ್ಣನೇ ಕೆಳಗಿಳಿಯಬೇಕಾಯಿತು.

ಇದನ್ನು ಕೇಳಿ ಇವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಯುದ್ಧ ಮುಗದ ಮ್ಯಾಲೆ ರಥ ಏನಾತು?” ಎಂದಳು.

ಹದಿನೆಂಟನೆಯ ದಿನ ಎಲ್ಲ ಮುಗಿದು ರಥ ನಿಂತಿತು. ಸಾಮಾನ್ಯವಾಗಿ ಸಾರಥಿ ಮೊದಲು ಇಳಿಯಬೇಕು. ಅಂದು ಕೃಷ್ಣ, ಬಿಲ್ಲು ಬತ್ತಳಿಕೆ ತೆಗೆದುಕೊಂಡು ನೀನು ಮೊದಲು ಇಳಿ ಎಂದ. ಅರ್ಜುನ ಇಳಿದ ಮೇಲೆ ಹಗ್ಗ ಬಿಟ್ಟು ತಾನೂ ಇಳಿದ. ಧ್ವಜದ ಮೇಲಿದ್ದ ಕಪಿ ಮಾಯವಾಯಿತು. ಬೆಂಕಿ ಯಾರೂ ಹಚ್ಚದೆ ನೊಗ, ಗಾಲಿ, ಕುದುರೆ ಸಮೇತ ರಥ ಉರಿದು ಬೂದಿಯಾಯಿತು. ದ್ರೋಣ, ಕರ್ಣರ ಅಸ್ತ್ರಗಳಿಂದ ಅದು ಎಂದೋ ಸುಟ್ಟಿತ್ತು, ನಾನು ಕೂತಿದ್ದೆನೆಂದು ಇಲ್ಲಿಯ ತನಕ ಬೀಳದೆ ನಿಂತಿತ್ತು ಎಂದು ಕೃಷ್ಣ ಹೇಳಿದ.

ಸಂಜೆ ದನ ಕಟ್ಟಿ ಬರುವಷ್ಟರಲ್ಲಿ ಅಂಗಳದಲ್ಲಿ ಗದ್ದಲ. ನಮ್ಮ ಹಳೆಯ ಚಕ್ಕಡಿಯ ಮೇಲೆ ಹಿಂದೆ ಬೀಸಣಿಕೆ ಕಡ್ಡಿಯ ಬಿಲ್ಲು ಹಿಡಿದ ಅವಳ ತಮ್ಮ, ಮುಂದೆ ಹಗ್ಗ ಹಿಡಿದು ಇವಳು. ಆಟ ಮುಗಿದು ತಮ್ಮ ಸುಮ್ಮನೆ ಕೂತೇ ಇದ್ದ. ಇವಳು ತಿರುಗಿ ಗದರುತ್ತಿದ್ದಳು: “ಲೇ, ನೀ ಮೊದಲ ಇಳಿಯೋ! ನಾ ಇಳದ್ರ ಸುಟ್ಟ ಹೊಕ್ಕೀ!”